ಯೂಟ್ಯೂಬ್ ವಾರ್ನಿಂಗ್ ಬಂತು: ಟ್ರೇನಿಂಗೋ, ಅಪೀಲೋ?

ಗಂಗಾವತಿಯ ಒಬ್ಬ ಹುಡುಗ ಸಣಾಪುರ ಕೆರೆಯ ಬಂಡೆ ಮೇಲಿಂದ ನೀರಿಗೆ ಜಿಗಿಯೋ ವಿಡಿಯೊ ಹಾಕಿದ ಅಂತ ಇಟ್ಟುಕೊಳ್ಳಿ. ಅಪಾಯಕಾರಿ ಸಾಹಸ ಅಂತ ಯೂಟ್ಯೂಬ್ ಅದನ್ನು ತೆಗೆಯಿತು. ಮೊದಲ ತಪ್ಪಾದರೆ ಸಾಮಾನ್ಯವಾಗಿ ಬರೋದು ವಾರ್ನಿಂಗ್. ವಿಡಿಯೊ ಹೋಗುತ್ತೆ, ಆದರೆ ಅಪ್‌ಲೋಡ್, ಲೈವ್ ಯಾವುದಕ್ಕೂ ತಡೆಯಿಲ್ಲ.

ಸ್ಟ್ರೈಕ್ ಹಾಗಲ್ಲ. ಮೊದಲನೆಯದಕ್ಕೆ 1 ವಾರ ಹೊಸದೇನೂ ಹಾಕೋಕಾಗಲ್ಲ. 90 ದಿನದೊಳಗೆ ಎರಡನೆಯದು ಬಿದ್ದರೆ 2 ವಾರ, ಮೂರನೆಯದಕ್ಕೆ ಚಾನೆಲ್ಲೇ ಹೋಗುತ್ತೆ. ವಿಡಿಯೊ ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹೋಗಲ್ಲ, 90 ದಿನ ಕಳೆದ ಮೇಲೆ ತಾನಾಗಿ ಇಳಿಯುತ್ತೆ.

ವಾರ್ನಿಂಗ್ ಮಾತ್ರ ಸುಮ್ಮನಿದ್ದರೆ ಇಳಿಯಲ್ಲ. ಆ ನಿಯಮದ ಸಣ್ಣ ಟ್ರೇನಿಂಗ್ ಮುಗಿಸಬೇಕು, 90 ದಿನದ ಲೆಕ್ಕ ಆಗಲೇ ಶುರು. ಈ ಹುಡುಗ ಜೂನ್ 5ಕ್ಕೆ ಮುಗಿಸಿದರೆ ಸೆಪ್ಟೆಂಬರ್ 3ರ ಸುಮಾರಿಗೆ ಅಳಿಯುತ್ತೆ. ನಡುವೆ ಮತ್ತೆ ಅಂಥದ್ದೇ ಜಿಗಿತ ಹಾಕಿದರೆ ನೇರ ಸ್ಟ್ರೈಕ್. ಬೇರೆ ನಿಯಮ ಮುರಿದರೆ ಇನ್ನೊಂದು ವಾರ್ನಿಂಗ್ ಬರುತ್ತೆ.

ವಿಡಿಯೊದಲ್ಲಿ ನಿಜಕ್ಕೂ ತಪ್ಪಿದ್ದರೆ ನನ್ನ ಸಲಹೆ ಟ್ರೇನಿಂಗ್, ಅದೂ ಬಂದ ದಿನವೇ. ಜಿಗಿಯೋದು ಅಪಾಯ ಅಂತ ಎಚ್ಚರಿಸೋಕೆ ಮಾಡಿದ ವಿಡಿಯೊ ತಪ್ಪಾಗಿ ಹೋಗಿದ್ದರೆ ಅಪೀಲ್ ಮಾಡಿ. ಎಷ್ಟನೇ ಸೆಕೆಂಡಿನಲ್ಲಿ ಆ ಎಚ್ಚರಿಕೆ ಇದೆ ಅಂತ ಬರೆಯಿರಿ. ಬೇರೆಯವರ ಹಾಡು ಬಳಸಿ ಬಂದ ಕಾಪಿರೈಟ್ ಸ್ಟ್ರೈಕ್‌ನ ಲೆಕ್ಕ ಬೇರೆ, ಇದರ ಜೊತೆ ಸೇರಿಸಬೇಡಿ.