ಬಂಪ್ ಟೆಸ್ಟ್ ಸಾಕಾ, ಪೂರ್ತಿ ಕ್ಯಾಲಿಬ್ರೇಶನ್ ಬೇಕಾ? ಒಂದು ಹಂಗಾಮಿನ ಲೆಕ್ಕ

ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆ. ಅದರ ಡಿಸ್ಟಿಲರಿಯಲ್ಲಿ ನನ್ನದು ಇನ್‌ಸ್ಟ್ರುಮೆಂಟ್ ಕೆಲಸ. ಆರು ಗ್ಯಾಸ್ ಡಿಟೆಕ್ಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಅಂಗಿಗೆ ಸಿಕ್ಕಿಸಿಕೊಳ್ಳುವಂಥ ಸಣ್ಣ ಯಂತ್ರಗಳು. ಆಕ್ಸಿಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮತ್ತು ಹೊತ್ತಿಕೊಳ್ಳುವ ಗ್ಯಾಸ್, ಈ ನಾಲ್ಕನ್ನು ಅಳೆಯುತ್ತವೆ.

ನಮ್ಮಲ್ಲಿ ಹೆಚ್ಚು ಭಯ ಹೈಡ್ರೋಜನ್ ಸಲ್ಫೈಡಿನದು. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಡೈಜೆಸ್ಟರಿಗೆ ಹೋಗುತ್ತದೆ. ಅಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹುಟ್ಟುತ್ತದೆ, ಜೊತೆಗೆ ಈ ಕೊಳೆತ ಮೊಟ್ಟೆ ವಾಸನೆಯ ಗ್ಯಾಸೂ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ವಾಸನೆ ಬರುತ್ತದೆ. 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದ ಹತ್ತಿರ ಹೋದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅನಿಸುತ್ತದೆ. ಹಾಗಾಗಿ ಪಂಪ್ ಗುಂಡಿಗೆ ಇಳಿಯುವವನು ಮೂಗನ್ನು ನಂಬುವಂತಿಲ್ಲ, ಯಂತ್ರವನ್ನೇ ನಂಬಬೇಕು.

ಆ ಯಂತ್ರ ಸರಿಯಿದೆ ಅಂತ ತಿಳಿಯೋದು ಹೇಗೆ? ಹಿಂದೆ ನಮ್ಮಲ್ಲಿ ಆರು ತಿಂಗಳಿಗೊಮ್ಮೆ ಹೊರಗಿನವರು ಬಂದು ಕ್ಯಾಲಿಬ್ರೇಶನ್ ಮಾಡಿ ಸರ್ಟಿಫಿಕೇಟ್ ಕೊಟ್ಟು ಹೋಗುತ್ತಿದ್ದರು, ಅಷ್ಟೇ. ಕಳೆದ ಹಂಗಾಮಿನಲ್ಲಿ ನಾನೇ ಗ್ಯಾಸ್ ಸಿಲಿಂಡರ್ ತರಿಸಿ ದಿನಾ ಬಂಪ್ ಟೆಸ್ಟ್, ಅಂದರೆ ಯಂತ್ರಕ್ಕೆ ಸ್ವಲ್ಪ ಗ್ಯಾಸ್ ಹಿಡಿದು ಅಲಾರಂ ಬರುತ್ತದಾ ಅಂತ ನೋಡುವುದನ್ನು ಶುರು ಮಾಡಿದೆ. ಬೇಕಾದಾಗ ಪೂರ್ತಿ ಕ್ಯಾಲಿಬ್ರೇಶನ್ನೂ ನಾನೇ ಮಾಡಿದೆ. ಗುಂಡಿ ಸ್ವಚ್ಛ ಮಾಡುವ ತಂಡದ ಮೇಸ್ತ್ರಿ ಕಾಕಾ ಮೊದಲ ವಾರವೇ ಕೇಳಿದರು, “ಸರ್ಟಿಫಿಕೇಟ್ ಐತಲ್ರಿ ಸರ್, ಮತ್ಯಾಕ ದಿನಾ ಗ್ಯಾಸ್ ಹಿಡೀತೀರಿ?” ನ್ಯಾಯವಾದ ಪ್ರಶ್ನೆ. ಉತ್ತರ ಆರು ವಾರದೊಳಗೆ ಸಿಕ್ಕಿತು.

ಬಂಪಿಗೂ ಕ್ಯಾಲಿಬ್ರೇಶನ್ನಿಗೂ ಸಿಲಿಂಡರ್ ಒಂದೇ. ನಮ್ಮದರಲ್ಲಿ ಹೈಡ್ರೋಜನ್ ಸಲ್ಫೈಡ್ 25 ಪಿಪಿಎಂ, ಕಾರ್ಬನ್ ಮೊನಾಕ್ಸೈಡ್ 100 ಪಿಪಿಎಂ, ಆಕ್ಸಿಜನ್ 18 ಶೇಕಡಾ ಇದೆ. ಮೀಥೇನ್ ಎಲ್‌ಇಎಲ್‌ನ 50 ಶೇಕಡಾ ಇದೆ, ಅಂದರೆ ಗಾಳಿಯಲ್ಲಿ ಬೆಂಕಿ ಹಿಡಿಯಲು ಬೇಕಾದ ಕನಿಷ್ಠ ಪ್ರಮಾಣದ ಅರ್ಧ. ಉಳಿದದ್ದು ನೈಟ್ರೋಜನ್. ರೆಗ್ಯುಲೇಟರ್ ನಿಮಿಷಕ್ಕೆ ಅರ್ಧ ಲೀಟರ್ ಬಿಡುತ್ತದೆ.

ಬಂಪ್ ಟೆಸ್ಟಿನಲ್ಲಿ ಮುಚ್ಚಳ ಹಾಕಿ 45 ಸೆಕೆಂಡ್ ಗ್ಯಾಸ್ ಬಿಡುತ್ತೇನೆ. ಗ್ಯಾಸ್ ಸೆನ್ಸರ್ ತನಕ ಹೋಯಿತಾ, ಅಂಕಿ ಏರಿತಾ, ಸದ್ದು, ದೀಪ, ನಡುಕ ಮೂರೂ ಬಂದವಾ ಅಂತ ನೋಡುತ್ತೇನೆ. ಯಂತ್ರದೊಳಗೆ ಏನೂ ಬದಲಾಗುವುದಿಲ್ಲ. ಕ್ಯಾಲಿಬ್ರೇಶನ್ ಹಾಗಲ್ಲ. ಮೊದಲು ಶುದ್ಧ ಗಾಳಿಯಲ್ಲಿ ಸೊನ್ನೆ ಕೂಡಿಸಬೇಕು, ಆಕ್ಸಿಜನ್ 20.9ಕ್ಕೆ ನಿಲ್ಲಬೇಕು. ಆಮೇಲೆ ಎರಡು ಮೂರು ನಿಮಿಷ ಗ್ಯಾಸ್ ಬಿಟ್ಟಾಗ ಯಂತ್ರ “ಇದು 25” ಅಂತ ಒಪ್ಪಿಕೊಂಡು ತನ್ನ ಅಳತೆಯನ್ನೇ ತಿದ್ದಿಕೊಳ್ಳುತ್ತದೆ. ಅದಕ್ಕೆ ಸ್ಪ್ಯಾನ್ ಅನ್ನುತ್ತಾರೆ. ಒಂದರಲ್ಲಿ ನಾವು ಯಂತ್ರವನ್ನು ಪರೀಕ್ಷಿಸುತ್ತೇವೆ, ಇನ್ನೊಂದರಲ್ಲಿ ಯಂತ್ರವನ್ನು ಬದಲಾಯಿಸುತ್ತೇವೆ. ಈ ವ್ಯತ್ಯಾಸ ನನಗೆ ಕೆಲಸದಲ್ಲೇ ಮನಸ್ಸಿಗೆ ಹತ್ತಿದ್ದು.

ಮೂರನೇ ನಂಬರಿನ ಡಿಟೆಕ್ಟರ್ ಕಥೆ ಹೇಳುತ್ತೇನೆ. ಅದಕ್ಕೆ ಹನ್ನೆರಡು ದಿನದ ಹಿಂದಷ್ಟೇ ಕ್ಯಾಲಿಬ್ರೇಶನ್ ಆಗಿತ್ತು. ಸರ್ಟಿಫಿಕೇಟ್ ಫೈಲಿನಲ್ಲಿತ್ತು. ಬೆಳಿಗ್ಗೆ ಬಂಪ್ ಮಾಡಿದೆ. ಕಾರ್ಬನ್ ಮೊನಾಕ್ಸೈಡ್ 97, ಮೀಥೇನ್ 48, ಆಕ್ಸಿಜನ್ 18.1, ಎಲ್ಲ ಚೆನ್ನಾಗಿತ್ತು. ಹೈಡ್ರೋಜನ್ ಸಲ್ಫೈಡ್ ಮಾತ್ರ 45 ಸೆಕೆಂಡಾದರೂ 4 ದಾಟಲಿಲ್ಲ. ಆ ಗ್ಯಾಸಿನ ಅಲಾರಂ ಬರಲೇ ಇಲ್ಲ.

ನನ್ನ ಜೊತೆಗಿದ್ದ ಹುಡುಗ, “ಸ್ಪ್ಯಾನ್ ಕೊಟ್ಟುಬಿಡೋಣ ಸರ್, ಸರಿ ಹೋಗ್ತದ” ಅಂದ. ಸುಮ್ನೆ ಕೊಟ್ಟಿದ್ದರೆ ತಪ್ಪಾಗುತ್ತಿತ್ತು. ಹನ್ನೆರಡು ದಿನದಲ್ಲಿ ಒಂದೇ ಸೆನ್ಸರ್ ಇಷ್ಟು ಇಳಿಯುವುದು ಸಹಜವಲ್ಲ. ಯಂತ್ರದ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಸೆನ್ಸರಿನ ಮೇಲಿನ ಬಿಳಿ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ಕಾಕಂಬಿಯ ಹನಿ ಸಿಡಿದು ಒಣಗಿ, ಮೇಲೆ ಬಗ್ಯಾಸ್ ಧೂಳು ಕೂತು, ಪಾಪಡಿಯಂತೆ ಗಟ್ಟಿಯಾಗಿತ್ತು. ಫಿಲ್ಟರ್ ಬದಲಿಸಿ ಮತ್ತೆ ಬಂಪ್ ಮಾಡಿದೆ. 24 ತೋರಿಸಿತು. ಸ್ಪ್ಯಾನ್ ಮುಟ್ಟುವ ಅಗತ್ಯವೇ ಬರಲಿಲ್ಲ.

ಇಷ್ಟು ಕಟ್ಟಿಕೊಂಡಿದ್ದರೆ ಸ್ಪ್ಯಾನ್ ಕೂಡ ಫೇಲ್ ಆಗುತ್ತಿತ್ತು, ನಿಜ. ಆದರೆ ಅರ್ಧ ಕಟ್ಟಿಕೊಂಡಿದ್ದರೆ? ಮೂರು ನಿಮಿಷದ ಗ್ಯಾಸಿನಲ್ಲಿ ನಿಧಾನವಾಗಿ ಏರಿ, ಯಂತ್ರ ತನ್ನ ಗುಣಕವನ್ನು ಹೆಚ್ಚಿಸಿಕೊಂಡು ಪಾಸ್ ಆಗುತ್ತಿತ್ತು. ತೆರೆಯ ಮೇಲೆ 25 ಬರುತ್ತಿತ್ತು. ಗುಂಡಿಯಲ್ಲಿ ಮಾತ್ರ ತಡವಾಗಿ ಎಚ್ಚರಿಸುತ್ತಿತ್ತು. ಅದಕ್ಕೇ ಬಂಪ್ ಫೇಲ್ ಆದರೆ ಮೊದಲು ಕಾರಣ ಹುಡುಕಬೇಕು. ಫಿಲ್ಟರ್, ಕೊಳವೆ, ಮುಚ್ಚಳ ಸರಿ ಕೂತಿದೆಯಾ, ಸಿಲಿಂಡರಿನ ಒತ್ತಡ ಎಷ್ಟಿದೆ, ಇವೆಲ್ಲ ನೋಡಿದ ಮೇಲೆ ಸ್ಪ್ಯಾನ್.

ಹಾಗಾದರೆ ಬಂಪ್ ಒಂದೇ ಸಾಕಲ್ವಾ? ಸಾಲದು. ಇಲ್ಲಿ ನನ್ನದೇ ತಪ್ಪು ಹೇಳಬೇಕು. ಮೊದಮೊದಲು ನಾನು ಅಲಾರಂ ಹೊಡೆದ ತಕ್ಷಣ ರಿಜಿಸ್ಟರಿನಲ್ಲಿ ಟಿಕ್ ಹಾಕಿ ಗ್ಯಾಸ್ ಬಂದ್ ಮಾಡುತ್ತಿದ್ದೆ. ಸಿಲಿಂಡರ್ ಉಳಿಯಲಿ ಅಂತ. ಐದನೇ ನಂಬರಿನದು ದಿನಾ ಪಾಸ್. ಡಿಸೆಂಬರಿನ ಒಂದು ಬೆಳಿಗ್ಗೆ ಯಾರೋ ಮಾತಾಡಿಸಿದರು, ಗ್ಯಾಸ್ ಬಂದ್ ಮಾಡುವುದು ತಡವಾಯಿತು. ತಿರುಗಿ ನೋಡಿದರೆ ಹೈಡ್ರೋಜನ್ ಸಲ್ಫೈಡಿನ ಅಂಕಿ 15ರಲ್ಲಿ ನಿಂತಿದೆ. ಪೂರ್ತಿ ಒಂದು ನಿಮಿಷ ಮತ್ತೆ ಬಿಟ್ಟೆ. ಮತ್ತೆ 15.

ನಮ್ಮ ಯಂತ್ರಗಳ ಮೊದಲ ಅಲಾರಂ 10 ಪಿಪಿಎಂಗೆ, ಎರಡನೆಯದು 15ಕ್ಕೆ ಇದೆ. ಸಿಲಿಂಡರಿನಲ್ಲಿರುವುದು 25. ಅಂದರೆ ಸೆನ್ಸರ್ ತನ್ನ ಶಕ್ತಿಯ ಅರ್ಧ ಕಳೆದುಕೊಂಡರೂ 12.5 ತೋರಿಸಿ ಮೊದಲ ಅಲಾರಂ ಹೊಡೆದೇ ಹೊಡೆಯುತ್ತದೆ. ಆದರೆ ಗುಂಡಿಯಲ್ಲಿ ಏನಾಗುತ್ತದೆ ನೋಡಿ. 25ನ್ನು 15 ಅನ್ನುವ ಯಂತ್ರ, ನೂರರಲ್ಲಿ ಅರವತ್ತನ್ನಷ್ಟೇ ಕಾಣುತ್ತಿದೆ. ಗುಂಡಿಯಲ್ಲಿ ನಿಜವಾಗಿ 16 ಪಿಪಿಎಂ ಇದ್ದರೆ ಅದು 9.6 ತೋರಿಸುತ್ತದೆ. ಎರಡೂ ಅಲಾರಂ ಹೊಡೆಯಬೇಕಾದ ಜಾಗದಲ್ಲಿ ಒಂದೂ ಹೊಡೆಯುವುದಿಲ್ಲ. ಅದೇ ಯಂತ್ರ ಹಾಕಿಕೊಂಡು ಆ ವಾರ ಇಬ್ಬರು ಗುಂಡಿಗೆ ಇಳಿದಿದ್ದರು. ಅವರಿಗೆ ಏನೂ ಆಗಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೀಥೇನಿನ ಕಡೆ ಈ ಸಂದು ಇನ್ನೂ ದೊಡ್ಡದು. ಅಲಾರಂ 10ಕ್ಕೆ, ಸಿಲಿಂಡರಿನಲ್ಲಿ 50. ಮುಕ್ಕಾಲು ಭಾಗ ಸತ್ತ ಸೆನ್ಸರ್ ಕೂಡ 12.5 ತೋರಿಸಿ ಪಾಸ್ ಆಗುತ್ತದೆ. ಆ ಸೆನ್ಸರಿಗೆ ಸಿಲಿಕೋನ್ ವಿಷ ಇದ್ದಂತೆ. ಗ್ಯಾಸ್ಕೆಟ್ ಸೀಲಂಟ್, ಕೆಲವು ಸ್ಪ್ರೇಗಳು ಹತ್ತಿರ ಬಂದರೆ ಸಾಕು, ಮೀಥೇನ್ ಗುರುತಿಸುವ ಶಕ್ತಿ ಮೊದಲು ಹೋಗುತ್ತದೆ. ಅದಕ್ಕೇ ಬಂಪಿಗೆ ಮೀಥೇನ್ ಇರುವ ಸಿಲಿಂಡರೇ ಒಳ್ಳೆಯದು.

ಅವತ್ತಿನಿಂದ ಟಿಕ್ ಹಾಕುವುದು ಬಿಟ್ಟೆ. ಅಂಕಿ ಬರೆಯುತ್ತೇನೆ. ಸಿಲಿಂಡರಿನ ಮೌಲ್ಯದ ಹತ್ತು ಶೇಕಡಾ ಆಚೀಚೆ, ಅಂದರೆ 22.5ರಿಂದ 27.5ರ ಒಳಗಿದ್ದರೆ ಯಂತ್ರ ಕೆಲಸಕ್ಕೆ ಹೋಗುತ್ತದೆ. ಆಚೆ ಹೋದರೆ ಕಾರಣ ನೋಡಿ, ಸ್ಪ್ಯಾನ್ ಮಾಡಿ, ಮತ್ತೆ ಬಂಪ್ ಮಾಡಿದ ಮೇಲೆ ಮಾತ್ರ ಕೊಡುತ್ತೇನೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಐದನೇ ನಂಬರಿಗೆ ಫಿಲ್ಟರ್ ಶುದ್ಧವಾಗಿಯೇ ಇತ್ತು. ಸೆನ್ಸರ್ ಹಳೆಯದು, ಎರಡು ವರ್ಷ ದಾಟಿತ್ತು. ಸ್ಪ್ಯಾನ್ ಕೊಟ್ಟೆ, ಪಾಸ್ ಆಯಿತು, 25ಕ್ಕೆ ಬಂತು. ಜನವರಿ ಕೊನೆಗೆ ಮತ್ತೆ 20ಕ್ಕೆ ಇಳಿಯಿತು. ಎರಡನೇ ಸಲ ಸ್ಪ್ಯಾನ್ ಫೇಲ್ ಅಂತ ತೋರಿಸಿತು. ಗುಣಕ ಏರಿಸಲು ಇನ್ನು ಜಾಗವಿರಲಿಲ್ಲ. ಹೊಸ ಸೆನ್ಸರ್ ಹಾಕಿದೆ. ಹೊಸದಕ್ಕೆ ಸ್ಪ್ಯಾನ್ ಕಡ್ಡಾಯ, ಹಳೆಯ ಸೆನ್ಸರಿನ ಗುಣಕ ಅದಕ್ಕೆ ಹೊಂದುವುದಿಲ್ಲ. ಯಂತ್ರ ಜೋರಾಗಿ ಬಿದ್ದಾಗ, ನೀರಿಗೆ ಬಿದ್ದಾಗ, ಅಳತೆಯ ಮಿತಿ ಮೀರಿದ ಗ್ಯಾಸ್ ತಗುಲಿದಾಗಲೂ ನಾನು ಸ್ಪ್ಯಾನ್ ಮಾಡುತ್ತೇನೆ. ತಯಾರಕರು ಹೇಳಿದ ಅವಧಿ ಮುಗಿದಾಗ ಹೇಗೂ ಮಾಡಲೇಬೇಕು.

ದಿನಾ ಸ್ಪ್ಯಾನೇ ಮಾಡಿದರೆ ಆಯಿತಲ್ಲ ಅಂತ ನಮ್ಮ ಸ್ಟೋರ್‌ನವರೊಬ್ಬರು ಕೇಳಿದರು. ಗ್ಯಾಸಿನ ಲೆಕ್ಕ ಇಟ್ಟೆ. ಬಂಪಿಗೆ 45 ಸೆಕೆಂಡ್, ಸುಮಾರು 0.375 ಲೀಟರ್. ಆರಕ್ಕೆ ದಿನಕ್ಕೆ 2.25 ಲೀಟರ್. 58 ಲೀಟರಿನ ಸಿಲಿಂಡರ್ 25 ದಿನ ಬರುತ್ತದೆ. ಸ್ಪ್ಯಾನಿಗೆ ಮೂರು ನಿಮಿಷ, ಒಂದಕ್ಕೆ 1.5 ಲೀಟರ್, ಆರಕ್ಕೆ 9. ಆರೇ ದಿನಕ್ಕೆ ಸಿಲಿಂಡರ್ ಖಾಲಿ.

ದುಡ್ಡಿಗಿಂತ ದೊಡ್ಡ ಕಾರಣ ಬೇರೆ ಇದೆ. ಕ್ಯಾಲಿಬ್ರೇಶನ್ ತಪ್ಪಾಗಿ ಮಾಡಿದರೆ ಒಳ್ಳೆಯ ಯಂತ್ರವೂ ಕೆಡುತ್ತದೆ. ಒಂದು ದಿನ ಇನ್ನೊಂದು ಶಿಫ್ಟಿನಲ್ಲಿ ಡೈಜೆಸ್ಟರ್ ಪಕ್ಕದ ಶೆಡ್ಡಿನಲ್ಲೇ ಸೊನ್ನೆ ಕೂಡಿಸಿದ್ದರು. ಗಾಳಿ ಗುಂಡಿ ಕಡೆಯಿಂದ ಬೀಸುತ್ತಿತ್ತು. ಅಲ್ಲಿ ಗಾಳಿಯಲ್ಲೇ 3 ಪಿಪಿಎಂ ಇದ್ದಿರಬೇಕು, ಯಂತ್ರ ಅದನ್ನೇ ಸೊನ್ನೆ ಅಂತ ಒಪ್ಪಿಕೊಂಡಿತು. ಗೇಟಿನ ಹತ್ತಿರ ತಂದಾಗ ಮೈನಸ್ 3 ತೋರಿಸಿತು. ಹೀಗಾದರೆ ಯಂತ್ರ ಪ್ರತಿ ಅಳತೆಯಲ್ಲೂ ಅಷ್ಟು ಕಡಿಮೆ ಹೇಳುತ್ತದೆ. ಈಗ ಸೊನ್ನೆ ಕೂಡಿಸುವುದು ಗೇಟಿನ ಆಚೆ, ಕಬ್ಬಿನ ಟ್ರ್ಯಾಕ್ಟರ್‌ಗಳ ಹೊಗೆಯೂ ತಾಗದ ಬೇವಿನ ಮರದ ಕೆಳಗೆ.

ಇನ್ನೊಂದು ವಿಷಯ, ಸಿಲಿಂಡರಿನ ತಾರೀಖು. ಹೈಡ್ರೋಜನ್ ಸಲ್ಫೈಡ್ ಹಳೆಯದಾದಂತೆ ಸಿಲಿಂಡರಿನೊಳಗೇ ಕಡಿಮೆಯಾಗುತ್ತದೆ. ಫೆಬ್ರುವರಿಯಲ್ಲಿ ಒಂದೇ ದಿನ ಆರೂ ಯಂತ್ರಗಳು 19, 20 ತೋರಿಸಿದವು. ಉಳಿದ ಮೂರು ಗ್ಯಾಸ್ ಸರಿಯಿದ್ದವು. ಆರು ಸೆನ್ಸರ್ ಒಟ್ಟಿಗೆ ಕೆಡುವುದಿಲ್ಲ ಅಲ್ವಾ? ಸಿಲಿಂಡರ್ ನೋಡಿದರೆ ಅವಧಿ ಮುಗಿದು ಎರಡು ತಿಂಗಳು. ಆ ಗ್ಯಾಸಿನಲ್ಲಿ ಸ್ಪ್ಯಾನ್ ಕೊಟ್ಟಿದ್ದರೆ ಆರೂ ಯಂತ್ರಗಳು ಇರುವುದಕ್ಕಿಂತ ಜಾಸ್ತಿ ತೋರಿಸಿ ಸುಳ್ಳು ಅಲಾರಂ ಹೊಡೆಯುತ್ತಿದ್ದವು. ನಾಲ್ಕು ಸಲ ಸುಳ್ಳು ಹೊಡೆದರೆ ಐದನೇ ಸಲ ಯಾರೂ ಮೇಲೆ ಹತ್ತಿ ಬರುವುದಿಲ್ಲ. ಹೊಸ ಸಿಲಿಂಡರ್ ಹಾಕಿ ಬಂಪ್ ಮಾಡಿದೆ, ಆರೂ 24ರ ಆಸುಪಾಸು ಬಂದವು.

ಮೇಸ್ತ್ರಿ ಕಾಕಾ ಈಗ ಸರ್ಟಿಫಿಕೇಟ್ ಕೇಳುವುದಿಲ್ಲ. ಯಂತ್ರ ಕೈಗೆ ತಗೊಳ್ಳುವ ಮುಂಚೆ ರಿಜಿಸ್ಟರ್ ತಿರುಗಿಸಿ, “ಇವತ್ತಿಂದು ಎಷ್ಟ್ ಬಂತ್ರಿ?” ಅಂತ ಕೇಳುತ್ತಾರೆ.