ಮೂರು ವರ್ಷ ಬಳಸಿದ ಕಾರ್ಬನ್ ಸ್ಟೀಲ್ ವೋಕ್: ಮನೆಯ ಒಲೆಯ ಮೇಲೆ ಹಕ್ಕಾ ನೂಡಲ್ಸ್

14 ಇಂಚು ಅಗಲದ, ದುಂಡು ತಳದ, ಉದ್ದ ಹಿಡಿಯ ಕಾರ್ಬನ್ ಸ್ಟೀಲ್ ವೋಕನ್ನು ಮೂರು ವರ್ಷಗಳಿಂದ ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಮೇಲೆ, ಹೆಚ್ಚಾಗಿ ಹಕ್ಕಾ ನೂಡಲ್ಸ್‌ಗಾಗಿಯೇ ಬಳಸುತ್ತಿದ್ದೇನೆ. ದೋಸೆ ಕಾವಲಿಯಂತೆ ಎಣ್ಣೆ ಸವರಿ, ಕಾಯಿಸಿ ಪಳಗಿಸಿದ ಇದರ ಮೈ ಈಗ ಕಪ್ಪಗೆ ಹೊಳೆಯುತ್ತದೆ.

ಮೊದಮೊದಲು ನಾಲ್ವರಿಗೆ ಬೇಕಾದಷ್ಟನ್ನು ಒಮ್ಮೆಗೇ ಸುರಿಯುತ್ತಿದ್ದೆ. ಹಾಕಿದೊಡನೆ ಏಳುತ್ತಿದ್ದ ಚುರ್ ಎಂಬ ಸದ್ದು ಅರೆ ನಿಮಿಷದಲ್ಲಿ ಅಡಗಿ, ಎಲೆಕೋಸು ನೀರು ಬಿಟ್ಟುಕೊಂಡು, ಎಳೆಗಳು ಮುದ್ದೆಯಾಗುತ್ತಿದ್ದವು. ಉರಿ ಸಾಲದೆಂದು ಭಾವಿಸಿ ಹೋಟೆಲಿನವರ ಹೈ ಪ್ರೆಶರ್ ಬರ್ನರ್ ಕೊಳ್ಳಲು ಹೊರಟಿದ್ದೆ. ಆದರೆ ನಿಜವಾದ ತೊಡಕು ನೀರಿನದು. ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಹಿಡಿಯುವ ಶಾಖದ ಸುಮಾರು ಏಳು ಪಟ್ಟು ಅದನ್ನು ಆವಿಯಾಗಿಸಲು ಬೇಕು. ಆ ನೀರು ಆರುವವರೆಗೆ ನೂಡಲ್ಸ್ 100 ಡಿಗ್ರಿಯ ಆಸುಪಾಸಿನಲ್ಲೇ ಬೇಯುತ್ತಿರುತ್ತದೆ, ಹುರಿಯುವುದಿಲ್ಲ.

ಹಾಗಾಗಿ ಈಗ ಒಂದು ಸಲಕ್ಕೆ 100 ಗ್ರಾಂ ಒಣ ನೂಡಲ್ಸ್ ಮಾತ್ರ. ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಿ, ಬಸಿದು, ತಣ್ಣೀರಿನಲ್ಲಿ ತೊಳೆದು, ಒಂದು ಚಮಚ ಎಣ್ಣೆ ಬೆರೆಸಿ, ಅಗಲ ತಟ್ಟೆಯಲ್ಲಿ ಒಂದು ಗಂಟೆ ಹರಡಿಡುತ್ತೇನೆ. ಅಂಗೈ ಹಿಂಬದಿಯಿಂದ ಮುಟ್ಟಿದಾಗ ಪಸೆ ತಗಲದಿದ್ದರೆ ಹದ ಸರಿಯಾಗಿದೆ. ಬರಿದಾದ ವೋಕ್ ಪೂರ್ಣ ಉರಿಯಲ್ಲಿ ತೆಳುವಾಗಿ ಹೊಗೆಯಾಡಿದ ಮೇಲೆ ಎಣ್ಣೆ ಹಾಕಿ, ಒಂದು ಹಿಡಿ ತರಕಾರಿಯನ್ನು ಒಂದು ನಿಮಿಷ ಹುರಿದು ತೆಗೆದಿಡುತ್ತೇನೆ. ವೋಕ್ ಮತ್ತೆ ಕಾದಾಗ ನೂಡಲ್ಸ್ ಹರಡಿ, ತಳ ತುಸು ಕೆಂಪಾಗಲೆಂದು ಇಪ್ಪತ್ತು ಸೆಕೆಂಡು ಮುಟ್ಟದೆ ಬಿಟ್ಟು, ಬಳಿಕ ಎಗರಿಸುತ್ತೇನೆ. ಸೋಯಾ ಸಾಸನ್ನು ನೂಡಲ್ಸ್ ಮೇಲಲ್ಲ, ವೋಕಿನ ಕಾದ ಅಂಚಿಗೆ ಸುರಿಯಬೇಕು. ಅಲ್ಲೇ ಅದು ಸುಟ್ಟು ಪರಿಮಳ ಏಳುತ್ತದೆ.

ಎಗರಿಸಲು ವೋಕನ್ನು ಮೇಲೆತ್ತಬೇಕಾಗಿಲ್ಲ. ಮುಂದಿನ ಭಾಗವನ್ನು ಒಲೆಯ ಕಂಬಿಗೆ ಆನಿಸಿಯೇ ಮುಂದಕ್ಕೆ ನೂಕಿ ಚಕ್ಕನೆ ಹಿಂದಕ್ಕೆಳೆದರೆ ನೂಡಲ್ಸ್ ಇಳಿಜಾರು ಹತ್ತಿ ಮಗುಚಿಕೊಳ್ಳುತ್ತದೆ, ತಳಕ್ಕೆ ಉರಿಯೂ ತಪ್ಪುವುದಿಲ್ಲ. ಎಳೆಗಳ ನಡುವೆ ಸಿಕ್ಕಿದ ಹಬೆ ಬಿಡುಗಡೆಯಾಗುವುದು ಇದರಿಂದಲೇ. ಸಟ್ಟುಗದಿಂದ ಕೆದಕಿದರೆ ಎಳೆಗಳು ತುಂಡಾಗುತ್ತವೆ. ಇಷ್ಟಾದರೂ ಕ್ಯಾಂಟನ್ ಕಡೆಯ ಬಾಣಸಿಗರು ‘ವೋಕ್ ಹೇ’ ಎನ್ನುವ ಆ ಹೊಗೆಗಂಪು, ಎಗರಿದ ಎಣ್ಣೆಯ ಹನಿಗಳಿಗೆ ಉರಿ ತಗಲಿ ಬರುವಂಥದ್ದು, ಮನೆಯ ಒಲೆಯಲ್ಲಿ ಅರೆಪಾಲು ಮಾತ್ರ ದಕ್ಕುತ್ತದೆ.

ಪಾತ್ರೆಯ ಕೊರತೆಗಳೂ ಇವೆ. ವಿನೆಗರ್ ಹಾಕಿದ ನೂಡಲ್ಸನ್ನು ಅದರಲ್ಲೇ ಬಿಟ್ಟ ಒಂದು ರಾತ್ರಿ ಪಳಗಿದ ಪದರ ಎದ್ದುಹೋಗಿ, ಬೆಳಿಗ್ಗೆ ತುಕ್ಕಿನ ಚುಕ್ಕೆಗಳು ಕಾಣಿಸಿದವು. ಉಜ್ಜಿ ಮತ್ತೆ ಪಳಗಿಸಬೇಕಾಯಿತು. ನಾಲ್ವರಿಗೆ ನಾಲ್ಕು ಸಲ ಹುರಿಯಬೇಕಾದ್ದರಿಂದ ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂರುವುದಿಲ್ಲ. ಆದವರದ್ದು ಆದಂತೆ ತಟ್ಟೆ ಬಿಸಿಯಾಗಿ ಹೋಗುತ್ತದೆ.