ಲಂಡನ್–ನ್ಯೂಯಾರ್ಕ್ ಓವರ್‌ಲ್ಯಾಪ್: ‘ಸಂಜೆ ಆರೂವರೆ’ ಚಾರ್ಟ್ ನಂಬಬೇಡಿ

ಮಂಗಳೂರಿನಲ್ಲಿ ಕರೆನ್ಸಿ ಟ್ರೇಡಿಂಗ್ ಕಲಿಸುವ ಕ್ಲಾಸ್‌ಗಳಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಕೊಡುತ್ತಾರೆ. ನಾನು ಹೋಗಿದ್ದ ಕ್ಲಾಸ್‌ನಲ್ಲೂ ಕೊಟ್ಟಿದ್ದರು. ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ತೆರೆದಿರುವ ಹೊತ್ತು ಸಂಜೆ 6:30ರಿಂದ ರಾತ್ರಿ 10:30, ಅಮೆರಿಕದ ದೊಡ್ಡ ಅಂಕಿಅಂಶಗಳು ಬರುವುದು 7 ಗಂಟೆಗೆ ಅಂತ ಅದರಲ್ಲಿತ್ತು. ಚಳಿಗಾಲದಲ್ಲಿ ಇದು ಸರಿ. ಆದರೆ ಚಳಿಗಾಲದಲ್ಲಿ ಮಾತ್ರ ಸರಿ ಅನ್ನೋದನ್ನು ಕಾರ್ಡ್‌ನಲ್ಲೂ ಬರೆದಿರಲಿಲ್ಲ, ಬಾಯಲ್ಲೂ ಹೇಳಲಿಲ್ಲ.

ಆಗಿದ್ದು ಮಾರ್ಚ್‌ನಲ್ಲಿ, ಎರಡನೇ ಭಾನುವಾರ ಕಳೆದ ಬುಧವಾರ. ಅಂದು ಅಮೆರಿಕದ ಹಣದುಬ್ಬರದ ಲೆಕ್ಕ ಬರುವುದಿತ್ತು. ಎನ್‌ಎಸ್‌ಇಯಲ್ಲಿ ಯೂರೋ–ಡಾಲರ್ ಫ್ಯೂಚರ್ಸ್ 20 ಲಾಟ್ ಕೊಂಡಿದ್ದೆ. ಒಂದು ಲಾಟ್ ಅಂದರೆ 1000 ಯೂರೋ. 6:45ಕ್ಕೆ ಮಾರಿ ಹೊರಗೆ ಬರುವುದು, 7ರ ಗಲಾಟೆಗೆ ಸಿಕ್ಕಿಕೊಳ್ಳಬಾರದು ಅಂತ ಲೆಕ್ಕ. ಮಧ್ಯಾಹ್ನ 1:30ಕ್ಕೆ ಲಂಡನ್ ತೆರೆದಾಗ ಬೆಲೆ ಎಂದಿನಂತೆಯೇ ಚುರುಕಾಯಿತು. ಏನೂ ಬದಲಾಗಿಲ್ಲ ಅಂತಲೇ ಕಾಣುತ್ತಿತ್ತು. ಮೋಸ ಇರುವುದು ಇಲ್ಲೇ. ಲಂಡನ್ ಗಡಿಯಾರ ನಿಜಕ್ಕೂ ಬದಲಾಗಿರಲಿಲ್ಲ. ಬದಲಾಗಿದ್ದು ನ್ಯೂಯಾರ್ಕ್‌ನದು.

ನಾನು ಹಂಪನಕಟ್ಟೆ ಟ್ರಾಫಿಕ್‌ನಲ್ಲಿದ್ದಾಗಲೇ, ಸರಿಯಾಗಿ 6 ಗಂಟೆಗೆ, ಲೆಕ್ಕ ಬಂದುಬಿಟ್ಟಿತು. ಹಣದುಬ್ಬರ ನಿರೀಕ್ಷೆಗಿಂತ ಜಾಸ್ತಿ. ಡಾಲರ್ ಏರಿತು, ಯೂರೋ ಬಿತ್ತು. 20 ಪಿಪ್ ಕೆಳಗೆ ಸ್ಟಾಪ್ ಲಾಸ್ ಇಟ್ಟಿದ್ದೆ, ಅದಕ್ಕಿಂತ 5 ಪಿಪ್ ಕೆಳಗೆ ಲಿಮಿಟ್. ಬೆಲೆ ಎರಡನ್ನೂ ಒಂದೇ ಸಲಕ್ಕೆ ಹಾರಿ ಕೆಳಗೆ ಹೋಯಿತು. ಆರ್ಡರ್ ಟ್ರಿಗರ್ ಆಯಿತು, ಆದರೆ ಆ ಬೆಲೆಗೆ ಕೊಳ್ಳುವವರೇ ಇರಲಿಲ್ಲ. ಸುಮ್ನೆ ‘ಪೆಂಡಿಂಗ್’ ಅಂತ ಕೂತಿತ್ತು. ನಮ್ಮ ಎಕ್ಸ್‌ಚೇಂಜ್‌ನಲ್ಲಿ ಈ ಜೋಡಿಗೆ ವ್ಯವಹಾರವೇ ಕಡಿಮೆ, ಇಂಥ ಹೊತ್ತಲ್ಲಿ ಇನ್ನೂ ಕಡಿಮೆ. ಮನೆ ಮುಟ್ಟಿ ಕೈಯಾರೆ ಮಾರುವಾಗ 60 ಪಿಪ್ ಹೋಗಿತ್ತು. 20,000 ಯೂರೋ ಮೇಲೆ ಅದು 120 ಡಾಲರ್, ಹತ್ತು ಸಾವಿರ ರೂಪಾಯಿಗೂ ಮೇಲೆ. ಸ್ಟಾಪ್ ಸರಿಯಾಗಿ ಕೆಲಸ ಮಾಡಿದ್ದರೆ ಅದರ ಮೂರನೇ ಒಂದು ಪಾಲಿನಲ್ಲಿ ಮುಗಿಯುತ್ತಿತ್ತು.

ಮರುದಿನ ಕ್ಲಾಸ್‌ನ ಸರ್ ಹತ್ತಿರ ಕೇಳಿದೆ. “ನಮ್ಮ ಗಡಿಯಾರ ಎಲ್ಲಾದರೂ ಬದಲಾಗ್ತದಾ ಮಾರಾಯ್ರೇ?” ಅಂದರು. ನಮ್ಮದು ಬದಲಾಗುವುದಿಲ್ಲ, ಅದಕ್ಕೇ ಅಲ್ವಾ ತೊಂದರೆ!

ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತದೆ. ಯುರೋಪ್ ಅದನ್ನು ಮಾಡುವುದು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್ ಬೇಸಿಗೆಯಲ್ಲಿರುತ್ತದೆ, ಲಂಡನ್ ಇನ್ನೂ ಚಳಿಗಾಲದಲ್ಲಿ. ನ್ಯೂಯಾರ್ಕ್‌ನ ಬೆಳಿಗ್ಗೆ 8 ನಮಗೆ ಸಂಜೆ 5:30 ಆಗುತ್ತದೆ. ಲಂಡನ್‌ನ ಸಂಜೆ 5 ಮಾತ್ರ ರಾತ್ರಿ 10:30ರಲ್ಲೇ ಉಳಿಯುತ್ತದೆ. ಹಾಗಾಗಿ ಓವರ್‌ಲ್ಯಾಪ್ ನಾಲ್ಕರ ಬದಲು ಐದು ಗಂಟೆ. ಯುರೋಪ್ ಕೂಡ ಬದಲಾಯಿಸಿದ ಮೇಲೆ ಅದು 5:30ರಿಂದ 9:30. ಒಂದು ಕಾರ್ಡ್‌ಗೆ ಇಷ್ಟೆಲ್ಲ ಹಿಡಿಯುವುದಿಲ್ಲ. ಅಲ್ಲಿನ ಸಮಯವನ್ನೇ ನೆನಪಿಡುವುದು ವಾಸಿ: ಹಣದುಬ್ಬರ, ಉದ್ಯೋಗದ ಲೆಕ್ಕಗಳು ನ್ಯೂಯಾರ್ಕ್‌ನ ಬೆಳಿಗ್ಗೆ 8:30ಕ್ಕೆ ಬರುತ್ತವೆ. ಅಲ್ಲಿ ಬೇಸಿಗೆ ಸಮಯವಿದ್ದರೆ ಅದಕ್ಕೆ ಒಂಬತ್ತೂವರೆ ಗಂಟೆ ಸೇರಿಸಿ, ಇಲ್ಲದಿದ್ದರೆ ಹತ್ತೂವರೆ. ಫೋನಿನ ಗಡಿಯಾರಕ್ಕೆ ನ್ಯೂಯಾರ್ಕ್ ಮತ್ತು ಲಂಡನ್ ಎರಡನ್ನೂ ಹಾಕಿಕೊಳ್ಳಿ. ಎರಡರ ನಡುವೆ ಐದು ಗಂಟೆಯ ಬದಲು ನಾಲ್ಕೇ ಕಂಡರೆ ನೀವು ಆ ವಾರಗಳಲ್ಲಿದ್ದೀರಿ.

ಅಕ್ಟೋಬರ್ ಕೊನೆಯಲ್ಲಿ ಇದೇ ಕಥೆ ತಿರುಗಿ ಬರುತ್ತದೆ. ಯುರೋಪ್ ಮೊದಲು ಹಿಂದೆ ಬರುತ್ತದೆ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. 2026ರಲ್ಲಿ ಅದು ಅಕ್ಟೋಬರ್ 25 ಮತ್ತು ನವೆಂಬರ್ 1. ಆ ವಾರ ಲಂಡನ್ 12:30ಕ್ಕೆ ತೆರೆಯುವ ಬದಲು 1:30ಕ್ಕೆ ತೆರೆಯುತ್ತದೆ, ಅಮೆರಿಕದ ಲೆಕ್ಕ ಮಾತ್ರ ಇನ್ನೂ 6 ಗಂಟೆಗೇ.

ನವೆಂಬರ್‌ನಿಂದ ಇನ್ನೊಂದು ಇಕ್ಕಟ್ಟು ಇದೆ. ಎನ್‌ಎಸ್‌ಇಯಲ್ಲಿ ಈ ಜೋಡಿಗಳ ವಹಿವಾಟು ಸಂಜೆ 7:30ಕ್ಕೆ ಮುಗಿಯುತ್ತದೆ. ಲೆಕ್ಕ 7ಕ್ಕೆ ಬಂದರೆ ಕೈಯಲ್ಲಿ ಉಳಿಯುವುದು ಅರ್ಧ ಗಂಟೆ. ಓವರ್‌ಲ್ಯಾಪ್‌ನ ಉಳಿದ ಮೂರು ಗಂಟೆ ನೀವು ನೋಡಬಹುದು, ಮುಟ್ಟಲಾಗದು. ಇದಕ್ಕೆ ಪರಿಹಾರ ಅಂತ ಅದೇ ಕ್ಲಾಸ್‌ನವರು ವಿದೇಶಿ ಆ್ಯಪ್ ಒಂದನ್ನು ಹಾಕಿಕೊಳ್ಳಲು ಹೇಳುತ್ತಿದ್ದರು. ಅನುಮತಿ ಇಲ್ಲದ ಪ್ಲಾಟ್‌ಫಾರ್ಮ್‌ನಲ್ಲಿ ಫಾರೆಕ್ಸ್ ವಹಿವಾಟು ಮಾಡಿದರೆ ಫೆಮಾ ಕಾನೂನಿನಡಿ ಕ್ರಮ ಆಗುವುದು ನಿಮ್ಮ ಮೇಲೆಯೇ. ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟ್‌ನಲ್ಲಿ ಎಚ್ಚರಿಕೆಯ ಪಟ್ಟಿಯನ್ನೇ ಹಾಕಿದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಅನುಮತಿ ಇದೆ ಅಂತಲ್ಲ ಎಂದೂ ಅದೇ ಬ್ಯಾಂಕ್ ಹೇಳಿದೆ.